ಬೂಟಿನೊಳಗಣ ಕಾಲುಚೀಲ

ಬೆಳಗಾವಿಯಿಂದ ಖಾನಾಪುರಕ್ಕೆ ರಸ್ತೆಯ ಹಾದಿ ಸುಮಾರು 26 ಕಿಲೋಮೀಟರು. ಬಸ್ಸಿನಲ್ಲಿ ಕುಳಿತವನಿಗೆ ಅದು ಒಂದು ಗಳಿಗೆಯ ಪ್ರಯಾಣ. ಅದೇ ದಾರಿಯನ್ನು ಬೂಟು ತೊಟ್ಟು ನಡೆದುಹೋಗುವವನ ಲೆಕ್ಕ ಬೇರೆ. ಒಂದು ಹೆಜ್ಜೆಗೆ 75 ಸೆಂಟಿಮೀಟರು ಎಂದು ಹಿಡಿದರೆ, ಖಾನಾಪುರ ಮುಟ್ಟುವ ವೇಳೆಗೆ ಅವನು ಸುಮಾರು 35,000 ಹೆಜ್ಜೆಗಳನ್ನು ಇಟ್ಟಿರುತ್ತಾನೆ. ಅಂದರೆ ಒಂದೊಂದು ಹಿಮ್ಮಡಿಯೂ ಹದಿನೇಳು ಸಾವಿರಕ್ಕೂ ಮೀರಿ ಬಾರಿ ಬೂಟಿನ ಹಿಂಬದಿಯ ಗಟ್ಟಿ ತೊಗಲಿಗೆ ಒತ್ತಿ, ಚೂರು ಮೇಲೆದ್ದು, ಮತ್ತೆ ಕೆಳಗಿಳಿದಿರುತ್ತದೆ. ಇಷ್ಟು ಸಲದ ತಿಕ್ಕಾಟದಲ್ಲಿ ಚರ್ಮಕ್ಕೂ ತೊಗಲಿಗೂ ನಡುವೆ ನಿಂತು ಕಾಯುವುದು ಒಂದೆರಡು ಮಿಲಿಮೀಟರು ದಪ್ಪದ ಹೆಣಿಗೆಯ ಬಟ್ಟೆ ಮಾತ್ರ. ಗ್ರಂಥಗಳಲ್ಲಿ ಅದರ ಹೆಸರು ಕಾಲುಚೀಲ. ಬೆಳಗಾವಿಯ ಖಡೇಬಜಾರದಲ್ಲಿ ಮರಾಠಿಯಾಡುವ ಗಿರಾಕಿ ಅದನ್ನೇ ಪಾಯಮೋಜೆ ಎಂದು ಕೇಳುತ್ತಾನೆ. ಶಾಲೆಯ ಮಕ್ಕಳಿಗೆ ಅದು ಸಾಕ್ಸು.

ದಿನದ ಬಹುಭಾಗ ಬೂಟಿನಲ್ಲೇ ಕಳೆಯುವ ಜನ ಈ ಭಾಗದಲ್ಲಿ ಕಡಿಮೆಯೇನಲ್ಲ. ಬೆಳಗಾವಿಯ ದಂಡುಪ್ರದೇಶದಲ್ಲಿ 1922ರಿಂದ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿದೆ. ಖಾನಾಪುರದಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಉದ್ಯಮಬಾಗದ ಎರಕದ ಕಾರ್ಖಾನೆಗಳಲ್ಲಿ ಕಾದ ಮರಳಿನ ಪಕ್ಕದಲ್ಲಿ ಎಂಟು ಗಂಟೆ ನಿಲ್ಲುವ ಕಾರ್ಮಿಕರಿದ್ದಾರೆ. ಆಸ್ಪತ್ರೆಯ ದಾದಿಯರೂ ಬಸ್ ನಿರ್ವಾಹಕರೂ ಇದ್ದಾರೆ. ಇನ್ನು ಶಾಲೆಯ ಮಕ್ಕಳಂತೂ ಇದ್ದೇ ಇದ್ದಾರೆ. ಇವರೆಲ್ಲರ ದೂರುಗಳು ಮೂರೇ: ಕಾಲಿಗೆ ಗುಳ್ಳೆ ಎದ್ದಿತು, ಕಾಲುಚೀಲ ನಾರಿತು, ಕಾಲುಚೀಲ ತೂತುಬಿದ್ದಿತು. ಅಂಗಡಿಯವನು ಹತ್ತಿಯದು, ಉಣ್ಣೆಯದು, ನೈಲಾನು ಬೆರಕೆಯದು ಎಂದು ಮೂರು ಬಗೆಯನ್ನು ಮುಂದಿಟ್ಟಾಗ, ಈ ಮೂರು ದೂರುಗಳಿಗೂ ಒಂದರಲ್ಲೇ ಉತ್ತರ ಸಿಕ್ಕೀತೆಂದು ಕೊಳ್ಳುವವನು ಹಾರೈಸುತ್ತಾನೆ. ಹಾಗೆ ಸಿಕ್ಕುವುದಿಲ್ಲ. ಗುಳ್ಳೆಯನ್ನು ತಡೆಯುವ ಗುಣ, ನಾತವನ್ನು ತಡೆಯುವ ಗುಣ, ಸವೆತವನ್ನು ತಡೆಯುವ ಗುಣ — ಈ ಮೂರನ್ನೂ ನಿಸರ್ಗವಾಗಲಿ ಕಾರ್ಖಾನೆಯಾಗಲಿ ಒಂದೇ ಎಳೆಗೆ ಪೂರ್ಣವಾಗಿ ಕೊಟ್ಟಿಲ್ಲ. ಹೀಗೇಕೆ ಎಂಬುದನ್ನು ತಿಳಿಯಲು ಮೊದಲು ಗುಳ್ಳೆಯ ಹುಟ್ಟನ್ನು ನೋಡಬೇಕು.

ಬೂಟು ಚರ್ಮದ ಮೇಲ್ಭಾಗವನ್ನು ಉಜ್ಜಿ ಉಜ್ಜಿ ತೆಳುವಾಗಿಸುವುದರಿಂದ ಗುಳ್ಳೆ ಏಳುತ್ತದೆ ಎಂದು ಸಾಮಾನ್ಯರು ಭಾವಿಸುತ್ತಾರೆ. ಉಜ್ಜಿ ತರಚಿದ ಗಾಯ ಬೇರೆ, ಗುಳ್ಳೆ ಬೇರೆ. ಗುಳ್ಳೆ ಏಳುವಾಗ ಚರ್ಮದ ಮೇಲ್ಮೈ ಜಾರುವುದೇ ಇಲ್ಲ. ಅದು ಒದ್ದೆಯಾದ ಕಾಲುಚೀಲಕ್ಕೆ ಅಂಟಿಕೊಂಡು ನಿಂತುಬಿಡುತ್ತದೆ. ಆದರೆ ಒಳಗಿನ ಹಿಮ್ಮಡಿಯ ಮೂಳೆ ಹೆಜ್ಜೆಹೆಜ್ಜೆಗೂ ಹಿಂದೆಮುಂದೆ ಸರಿಯುತ್ತಲೇ ಇರುತ್ತದೆ. ಹೊರಪದರ ನಿಂತಿದೆ, ಒಳಗಿನ ಮೂಳೆ ಚಲಿಸುತ್ತಿದೆ. ನಡುವಿನ ಮೃದುವಾದ ಚರ್ಮ ಎರಡು ಕಡೆಗೂ ಎಳೆಯಲ್ಪಡುತ್ತದೆ. ಒಂದು ಅಂಗೈಯ ಹಿಂಬದಿಯ ಮೇಲೆ ಇನ್ನೊಂದು ಕೈಯ ಬೆರಳನ್ನು ಒತ್ತಿ ಹಿಡಿದು, ಜಾರಗೊಡದೆ ಆಚೀಚೆ ಅಲುಗಿಸಿದರೆ ಈ ಎಳೆತ ಅನುಭವಕ್ಕೆ ಬರುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಹೊರಚರ್ಮದ ಪದರಗಳ ಮಧ್ಯದಲ್ಲಿ ಒಂದು ಸೀಳು ಬಿಡುತ್ತದೆ. ಸುತ್ತಲಿನ ಅಂಗಾಂಶದಿಂದ ತಿಳಿನೀರು ಒಸರಿ ಆ ಸೀಳನ್ನು ತುಂಬುತ್ತದೆ. ಅದೇ ಗುಳ್ಳೆ. ಆದಕಾರಣವೇ ಅಂಗಾಲು ಮತ್ತು ಹಿಮ್ಮಡಿಯಂಥ ದಪ್ಪ ಚರ್ಮವುಳ್ಳ ಜಾಗಗಳಲ್ಲಿ ಗುಳ್ಳೆ ಹೆಚ್ಚು. ತೆಳುಚರ್ಮದ ಜಾಗ ಗುಳ್ಳೆಯೇಳುವ ಮೊದಲೇ ತರಚಿಹೋಗುತ್ತದೆ.

ಚರ್ಮ ಕಾಲುಚೀಲಕ್ಕೆ ಅಂಟುವುದು ಯಾವಾಗ? ಇಲ್ಲಿ ನೀರಿನ ಆಟ ಆರಂಭವಾಗುತ್ತದೆ. ಚರ್ಮ ಪೂರ್ತಿ ಒಣಗಿದ್ದರೆ ಬಟ್ಟೆ ಅದರ ಮೇಲೆ ಸುಲಭವಾಗಿ ಜಾರುತ್ತದೆ. ನೀರು ಹರಿಯುವಷ್ಟು ಒದ್ದೆಯಾಗಿದ್ದರೂ ಜಾರುತ್ತದೆ. ಇವೆರಡರ ನಡುವೆ, ಅಂದರೆ ಬೆವರಿನಿಂದ ಪಸೆ ಹಿಡಿದ ಸ್ಥಿತಿಯಲ್ಲಿ, ಘರ್ಷಣೆ ಎಲ್ಲಕ್ಕಿಂತ ಹೆಚ್ಚು. ಚರ್ಮವನ್ನು ಯಂತ್ರದಿಂದ ಉಜ್ಜಿ ನೋಡಿದ ನೇಲರ್ ಎಂಬ ಆಂಗ್ಲ ವೈದ್ಯನು 1955ರಲ್ಲಿಯೇ ಇದನ್ನು ಬರೆದಿಟ್ಟನು. ಪುಸ್ತಕದ ಹಾಳೆ ತಿರುವುವವರು ಬೆರಳನ್ನು ಅಷ್ಟೇ ಅಷ್ಟು ತೇವ ಮಾಡಿಕೊಳ್ಳುವುದು ಇದೇ ಗುಣವನ್ನು ನಂಬಿ. ಎರಡೂ ಪಾದಗಳಲ್ಲಿ ಸೇರಿ ಸುಮಾರು ಎರಡೂವರೆ ಲಕ್ಷ ಬೆವರುಗ್ರಂಥಿಗಳಿವೆ. ಮುಚ್ಚಿದ ಬೂಟಿನೊಳಗೆ ಅವು ದಿನವಿಡೀ ಪಾದವನ್ನು ಗುಳ್ಳೆಗೆ ಹದವಾದ ಪಸೆಯಲ್ಲೇ ಇಟ್ಟಿರುತ್ತವೆ. ಆದುದರಿಂದ ಕಾಲುಚೀಲದ ಮುಖ್ಯ ಕೆಲಸ ಮೆತ್ತಗಿರುವುದಲ್ಲ. ಚರ್ಮದ ಮೇಲಿನ ಈ ಪಸೆಯನ್ನು ಏನು ಮಾಡುತ್ತದೆ ಎಂಬುದೇ ಅದರ ಪರೀಕ್ಷೆ.

ಹತ್ತಿಯ ಎಳೆ ಒಣಗಿದ ಒಂದು ಟೊಳ್ಳು ನಾಳದಂತಿದೆ. ನೀರನ್ನು ಕಂಡರೆ ಅದು ಬಿಡುವುದಿಲ್ಲ, ಹೀರಿ ಉಬ್ಬುತ್ತದೆ. ಬಿಸಿಲಿನಲ್ಲಿ ತೊಟ್ಟ ಹತ್ತಿಯ ಅಂಗಿ ತಂಪೆನಿಸುವುದು ಇದರಿಂದಲೇ. ಖಾನಾಪುರದ ಕುಂಬಾರರ ಮಣ್ಣಿನ ಹೂಜಿಯಲ್ಲಿ ನೀರು ಸೂಕ್ಷ್ಮ ರಂಧ್ರಗಳಿಂದ ಹೊರಮೈಗೆ ಒಸರಿ, ಗಾಳಿಗೆ ಆವಿಯಾಗಿ, ಒಳಗಿನ ನೀರನ್ನು ತಣ್ಣಗಿಡುವ ಹಾಗೆ ಅಂಗಿಯೂ ಬೆವರನ್ನು ಹೀರಿ ಗಾಳಿಗೆ ಒಪ್ಪಿಸುತ್ತದೆ. ಆದರೆ ಅದೇ ಹೂಜಿಯನ್ನು ಗಾಳಿಯಾಡದ ಪೆಟ್ಟಿಗೆಯಲ್ಲಿಟ್ಟು ಮುಚ್ಚಿದರೆ ಹೊರಮೈ ತೊಪ್ಪೆಯಾಗಿ ನಿಲ್ಲುತ್ತದೆಯೇ ಹೊರತು ನೀರು ತಣ್ಣಗಾಗುವುದಿಲ್ಲ. ಬೂಟು ಅಂಥ ಪೆಟ್ಟಿಗೆ. ಹತ್ತಿಯ ಕಾಲುಚೀಲ ಬೆಳಗಿನ ಮೊದಲ ಒಂದೆರಡು ಗಂಟೆ ಹಿತವಾಗಿರುತ್ತದೆ. ಆಮೇಲೆ ಅದು ಹೀರಿದ ನೀರಿಗೆ ಹೋಗಲು ದಾರಿಯಿಲ್ಲ. ಒದ್ದೆ ಹತ್ತಿಗೆ ಪುಟಿಯುವ ಶಕ್ತಿ ಇಲ್ಲದ ಕಾರಣ ಹೆಣಿಗೆ ಚಪ್ಪಟೆಯಾಗುತ್ತದೆ, ಅಳತೆ ಸಡಿಲವಾಗುತ್ತದೆ, ಹಿಮ್ಮಡಿಯ ಕೆಳಗೆ ನೆರಿಗೆ ಕಟ್ಟುತ್ತದೆ. ನೆರಿಗೆಯಿದ್ದಲ್ಲಿ ಒತ್ತಡ ಹೆಚ್ಚು; ಒತ್ತಡವಿದ್ದಲ್ಲಿ ಗುಳ್ಳೆ ಬೇಗ.

ಉಣ್ಣೆ ಹತ್ತಿಗಿಂತಲೂ ಹೆಚ್ಚು ನೀರು ಕುಡಿಯುತ್ತದೆ ಎಂದರೆ ಓದುವವರು ಅಚ್ಚರಿಪಟ್ಟಾರು. ಚೆನ್ನಾಗಿ ಒಣಗಿಸಿದ 100 ಗ್ರಾಂ ಹತ್ತಿಯನ್ನು ಸಾಧಾರಣ ಹವೆಯಲ್ಲಿಟ್ಟರೆ ಅದು ಗಾಳಿಯಿಂದಲೇ ಸುಮಾರು 8 ಗ್ರಾಂ ತೇವವನ್ನು ಸೆಳೆದುಕೊಳ್ಳುತ್ತದೆ. ಉಣ್ಣೆ ಸುಮಾರು 16 ಗ್ರಾಂ. ನೈಲಾನು 4 ಗ್ರಾಂ ಮಾತ್ರ. ಆದರೂ ಉಣ್ಣೆ ಒದ್ದೆಯೆನಿಸುವುದಿಲ್ಲ. ಅದರ ಎಳೆಯ ಹೊರಮೈ ನೀರಿನ ಹನಿಯನ್ನು ಒಲ್ಲದು. ಆವಿಯ ರೂಪದ ತೇವವನ್ನು ಮಾತ್ರ ಒಳಗೆ ಬಿಟ್ಟುಕೊಂಡು ತನ್ನ ಒಡಲಲ್ಲಿ ಅಡಗಿಸಿಕೊಳ್ಳುತ್ತದೆ. ಚರ್ಮಕ್ಕೆ ತಾಗುವ ಮೇಲ್ಮೈ ಬಹುಹೊತ್ತು ಒಣಗಿಯೇ ಇರುತ್ತದೆ. ಅಲ್ಲದೆ ಉಣ್ಣೆಯ ಎಳೆ ಹುಟ್ಟಿನಿಂದಲೇ ಸುರುಳಿಯಾದುದು. ಒದ್ದೆಯಾದಾಗಲೂ ಅದು ಹತ್ತಿಯಂತೆ ಸಪಾಟಾಗದೆ ಪುಟಿದು ನಿಲ್ಲುವುದರಿಂದ ಕಾಲಿಗೂ ಬೂಟಿಗೂ ನಡುವೆ ಗಾಳಿಯ ತೆಳುಪದರವೊಂದು ಉಳಿಯುತ್ತದೆ.

ಹಾಗಾದರೆ ಬೆಳಗಾವಿ ಜಿಲ್ಲೆಯ ಕುರುಬರು ಸಾಕುವ ಕುರಿಗಳ ಉಣ್ಣೆಯಿಂದಲೇ ಕಾಲುಚೀಲ ಹೆಣೆಯಬಹುದಲ್ಲವೇ? ಕಂಬಳಿ ಹೊದ್ದ ಕುರುಬನು ಜಡಿಮಳೆಯಲ್ಲಿ ನಿಂತರೂ ಬೆಚ್ಚಗಿರುವುದು ಮೇಲೆ ಹೇಳಿದ ಗುಣದಿಂದಲೇ. ಆದರೆ ದಖನಿ ಕುರಿಯ ಉಣ್ಣೆ ಒರಟು. ಅದರ ದಪ್ಪ ಎಳೆಯ ತುದಿ ಬಾಗದೆ ಚರ್ಮಕ್ಕೆ ಚುಚ್ಚುತ್ತದೆ. ಕಂಬಳಿಗೆ ಅದು ಒಪ್ಪುವುದು, ಬರಿಪಾದಕ್ಕಲ್ಲ. ಕಾಲುಚೀಲಕ್ಕೆ ಬರುವುದು ಮೆರಿನೋ ಜಾತಿಯ ಕುರಿಯ ನಯವಾದ ಉಣ್ಣೆ. ಅದು ಬಹುಪಾಲು ಆಸ್ಟ್ರೇಲಿಯದಂಥ ದೂರದೇಶಗಳಿಂದ ಬರಬೇಕಾದುದರಿಂದ ಬೆಲೆ ಹತ್ತಿಯ ಹಲವು ಪಟ್ಟು. ಉಣ್ಣೆಯ ಕಾಲುಚೀಲ ಎಂದು ಅಗ್ಗವಾಗಿ ಮಾರುವುದರಲ್ಲಿ ಅನೇಕ ವೇಳೆ ಅಕ್ರಿಲಿಕ್ ಎಂಬ ಕೃತಕ ಎಳೆಯೇ ಹೆಚ್ಚು. ಅದನ್ನು ಕೀಳೆಂದು ತಳ್ಳಬೇಕಾಗಿಲ್ಲ. 1990ರಲ್ಲಿ ಅಮೆರಿಕದಲ್ಲಿ 35 ಮಂದಿ ದೂರದ ಓಟಗಾರರ ಮೇಲೆ ನಡೆದ ಪರೀಕ್ಷೆಯಲ್ಲಿ ದಪ್ಪ ಹೆಣಿಗೆಯ ಅಕ್ರಿಲಿಕ್ ಕಾಲುಚೀಲ ತೊಟ್ಟವರಿಗೆ ಅದೇ ಹೆಣಿಗೆಯ ಹತ್ತಿಯ ಕಾಲುಚೀಲ ತೊಟ್ಟವರಿಗಿಂತ ಗುಳ್ಳೆಗಳು ಕಡಿಮೆ, ಎದ್ದವೂ ಚಿಕ್ಕವು. ಆದರೆ ಅದೇ ಪರೀಕ್ಷಕರು ಮೂರು ವರ್ಷಗಳ ಮೇಲೆ ಸಾಧಾರಣ ತೆಳು ಹೆಣಿಗೆಯ ಕಾಲುಚೀಲಗಳನ್ನು ಹೋಲಿಸಿದಾಗ ಈ ಅಂತರ ಕಾಣಲಿಲ್ಲ. ಎಳೆಯ ಜಾತಿ ಎಷ್ಟು ಮುಖ್ಯವೋ ಅದನ್ನು ಹೆಣೆದ ಬಗೆಯೂ ಅಷ್ಟೇ ಮುಖ್ಯ ಎಂಬುದನ್ನು ಬಣ್ಣದ ಚೀಟಿ ಓದಿ ಕೊಳ್ಳುವವರು ಮರೆಯುತ್ತಾರೆ.

ನೈಲಾನಿನ ಕಥೆ ಇವೆರಡರದಕ್ಕಿಂತ ತೀರ ಈಚಿನದು. ಅಮೆರಿಕದ ಡುಪಾಂಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ವಾಲೇಸ್ ಕ್ಯಾರದರ್ಸ್ ಎಂಬ ರಸಾಯನವಿಜ್ಞಾನಿ 1935ರಲ್ಲಿ ಅದನ್ನು ಸಿದ್ಧಪಡಿಸಿದನು. 1940ರಲ್ಲಿ ಅದರಿಂದ ಹೆಣೆದ ಹೆಂಗಸರ ಉದ್ದ ಕಾಲುಚೀಲಗಳು ಆ ದೇಶದ ಅಂಗಡಿಗಳಿಗೆ ಬಂದಾಗ ಕೊಳ್ಳಲು ನೂಕುನುಗ್ಗಲಾಯಿತು. ಯುದ್ಧಕಾಲದಲ್ಲಿ ಅದೇ ನೂಲು ಹವಾಛತ್ರಿಗಳಿಗೆ ಹೋಯಿತು ಎಂಬುದರಿಂದಲೇ ಅದರ ಬಲವನ್ನು ಊಹಿಸಬಹುದು. ಅದು ನೀರನ್ನು ಹೆಚ್ಚು ಕುಡಿಯುವುದಿಲ್ಲ. ಒಗೆದು ಹಿಂಡಿ ಹಾಕಿದರೆ ಬೇಗ ಒಣಗುತ್ತದೆ. ಆದರೆ ಶುದ್ಧ ನೈಲಾನಿನ ತೆಳುವಾದ ಒತ್ತು ಹೆಣಿಗೆಯನ್ನು ಬರಿಕಾಲಿಗೆ ತೊಟ್ಟು ದಿನವಿಡೀ ನಿಂತರೆ ಬೆವರು ಬಟ್ಟೆಗೂ ಹೋಗದೆ ಹೊರಗೂ ಹೋಗದೆ ಚರ್ಮದ ಮೇಲೆಯೇ ಉಳಿಯುತ್ತದೆ. ಕಾಲು ಬಿಸಿಯಾಗಿ, ಬೆರಳ ಸಂದುಗಳು ಬಿಳಿಚಿ ನೆನೆದುಹೋಗುತ್ತವೆ. ಆದ್ದರಿಂದ ನೈಲಾನು ಒಂಟಿಯಾಗಿ ಒಳ್ಳೆಯದಲ್ಲ. ಬೆರಕೆಯಲ್ಲಿ ಅದು ಬಹಳ ಒಳ್ಳೆಯದು. ಇನ್ನೊಂದು ಉಪಯೋಗವೂ ಅದಕ್ಕುಂಟು. ದೂರ ನಡೆಯುವವರು ಕೆಲವರು ಒಳಗೆ ತೆಳುವಾದ ನಯ ಕಾಲುಚೀಲವನ್ನೂ ಹೊರಗೆ ದಪ್ಪದ್ದನ್ನೂ ತೊಡುತ್ತಾರೆ. ಆಗ ಜಾರಾಟವೆಲ್ಲ ಎರಡು ಬಟ್ಟೆಗಳ ನಡುವೆಯೇ ಮುಗಿದು ಚರ್ಮಕ್ಕೆ ಎಳೆತ ತಟ್ಟುವುದಿಲ್ಲ. ಬೂಟಿನಲ್ಲಿ ಎರಡಕ್ಕೂ ಸ್ಥಳವಿರಬೇಕು, ಅಷ್ಟೆ. ಬಿಗಿಯಾದ ಬೂಟಿನಲ್ಲಿ ಈ ಉಪಾಯ ತಿರುಗುಬಾಣವಾಗುತ್ತದೆ.

ಎರಡನೆಯ ದೂರು ನಾತದ್ದು. ಪಾದದ ಬೆವರು ತಾನಾಗಿ ನಾರುವುದಿಲ್ಲ. ಅದು ಬಹುಮಟ್ಟಿಗೆ ನೀರು ಮತ್ತು ಉಪ್ಪು. ಪಾದದ ಚರ್ಮದ ಮೇಲೆ ಸದಾ ವಾಸಿಸುವ ಸೂಕ್ಷ್ಮಜೀವಿಗಳಿವೆ. ಬೆವರು ಮತ್ತು ಸವೆದುದುರಿದ ಚರ್ಮದ ಪುಡಿ ಅವುಗಳ ಆಹಾರ. ಬೂಟಿನ ಬೆಚ್ಚನೆಯ ತೇವ ಅವುಗಳಿಗೆ ತೊಟ್ಟಿಲು. ಬೆವರಿನಲ್ಲಿರುವ ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಅವು ಒಡೆದಾಗ ಐಸೋವ್ಯಾಲೆರಿಕ್ ಆಮ್ಲ ಹುಟ್ಟುತ್ತದೆ. ಹಳಸಿದ ಬೆಣ್ಣೆಯನ್ನು ನೆನಪಿಗೆ ತರುವ, ಸಂಜೆ ಬೂಟು ಬಿಚ್ಚಿದೊಡನೆ ಮನೆಮಂದಿ ಮೂಗು ಮುಚ್ಚುವಂತೆ ಮಾಡುವ ನಾತದ ಮುಖ್ಯ ಕಾರಣ ಅದು.

ಇಲ್ಲಿ ಉಣ್ಣೆ ಎಲ್ಲಕ್ಕಿಂತ ಮುಂದು. ಉಣ್ಣೆ ನಮ್ಮ ಕೂದಲಿನಂತೆಯೇ ಪ್ರೋಟೀನಿನಿಂದಾದುದು. ಆಮ್ಲಗಳನ್ನು ಹಿಡಿದಿಡುವ ನೆಲೆಗಳು ಅದರಲ್ಲಿವೆ. ನಾರುವ ಆಮ್ಲವನ್ನು ಅದು ತನ್ನೊಳಗೆ ಕಟ್ಟಿಹಾಕಿ, ಒಗೆದಾಗ ಬಿಟ್ಟುಕೊಡುತ್ತದೆ. ಇದರಿಂದಾಗಿ ಉಣ್ಣೆಯ ಕಾಲುಚೀಲವನ್ನು ಒಂದು ರಾತ್ರಿ ಗಾಳಿಗೆ ಹರವಿದರೆ ಮರುದಿನ ತೊಡುವ ಹಾಗಿರುತ್ತದೆ. ಹತ್ತಿ ನಡುವಿನದು: ನಾರುತ್ತದೆ, ಆದರೆ ಬಿಸಿನೀರು ಸಾಬೂನಿಗೆ ಸಂಪೂರ್ಣ ಶರಣಾಗುತ್ತದೆ. ನೈಲಾನು, ಅದಕ್ಕಿಂತಲೂ ಹೆಚ್ಚಾಗಿ ಅದರ ಜಾಗದಲ್ಲಿ ಈಗ ಅಗ್ಗದ ಕಾಲುಚೀಲಗಳಲ್ಲಿ ಬರುವ ಪಾಲಿಯೆಸ್ಟರು, ಚರ್ಮದ ಜಿಡ್ಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತವೆ. ತಣ್ಣೀರಿನಲ್ಲಿ ಎರಡು ಸಲ ಅದ್ದಿ ತೆಗೆದರೆ ಆ ಜಿಡ್ಡು ಹೋಗುವುದಿಲ್ಲ. ಒಣಗಿದಾಗ ವಾಸನೆ ಕಾಣದಿದ್ದ ಕಾಲುಚೀಲ ತೊಟ್ಟ ಅರ್ಧ ಗಂಟೆಯಲ್ಲಿ ಕಾಲಿನ ಶಾಖಕ್ಕೆ ಮತ್ತೆ ನಾರತೊಡಗಿದರೆ, ಎಳೆಯಲ್ಲಿ ಹಳೆಯ ಜಿಡ್ಡು ಉಳಿದಿದೆ ಎಂದು ತಿಳಿಯಬೇಕು. ಅಂಥದನ್ನು ಒಳಮೈ ಹೊರಗಾಗಿ ತಿರುವಿ ಉಗುರುಬೆಚ್ಚಗಿನ ಸಾಬೂನು ನೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು ಉಜ್ಜಬೇಕು. ಕೊಳೆಯೆಲ್ಲ ಇರುವುದು ಒಳಮೈಗೆ. ಜನ ಉಜ್ಜುವುದು ಹೊರಮೈಯನ್ನು. ಹತ್ತಿಗೆ ಇನ್ನೂ ಬಿಸಿನೀರು ಸಲ್ಲುತ್ತದೆ. ಉಣ್ಣೆಗೆ ಮಾತ್ರ ಬಿಸಿನೀರೂ ಬಿರುಸಾದ ಉಜ್ಜಾಟವೂ ಕೂಡದು; ಅದರ ಎಳೆಯ ಮೇಲಿರುವ ಮೀನಿನ ಪೊರೆಯಂಥ ಸಣ್ಣ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು, ದೊಡ್ಡವರ ಕಾಲುಚೀಲ ಮಗುವಿನ ಅಳತೆಗೆ ಕುಗ್ಗುತ್ತದೆ.

ಮೂರನೆಯ ಪರೀಕ್ಷೆಯಲ್ಲಿ ಕ್ರಮ ತಲೆಕೆಳಗಾಗುತ್ತದೆ. ನಾತದಲ್ಲಿ ಮೊದಲಾದ ಉಣ್ಣೆ ಸವೆತದಲ್ಲಿ ಕೊನೆ. ಒದ್ದೆಯಾದಾಗ ಅದರ ಬಲ ಇನ್ನಷ್ಟು ಕುಂದುತ್ತದೆ. ಹತ್ತಿಗೆ ಒಂದು ವಿಚಿತ್ರ ಗುಣವಿದೆ: ಒದ್ದೆಯಾದರೆ ಅದರ ನೂಲು ಒಣಗಿದ್ದಾಗಿಗಿಂತ ಬಲವಾಗುತ್ತದೆ. ಆದರೂ ಎಡೆಬಿಡದ ತಿಕ್ಕಾಟಕ್ಕೆ ಅದರ ಗಿಡ್ಡ ಎಳೆಗಳು ಒಂದೊಂದಾಗಿ ಕಿತ್ತುಬರುತ್ತವೆ. ನೈಲಾನು ಬಾಗಿದಷ್ಟು ಬಾಗಿ ಮತ್ತೆ ನೆಟ್ಟಗಾಗುತ್ತದೆ. ಸವೆತದ ವಿಷಯದಲ್ಲಿ ಬಟ್ಟೆಯ ಎಳೆಗಳಲ್ಲಿ ಅದಕ್ಕೆ ಸಮನಾದವು ವಿರಳ. ಹೆಣೆಯುವವರು ಇದನ್ನು ಬಲ್ಲರು. ಅವರು ಹತ್ತಿಯ ಅಥವಾ ಉಣ್ಣೆಯ ನೂಲಿನ ಜೊತೆಗೆ ತೆಳುವಾದ ನೈಲಾನು ಎಳೆಯೊಂದನ್ನು ಸೇರಿಸಿ ಹೆಣೆಯುತ್ತಾರೆ. ಹಿಮ್ಮಡಿಯಲ್ಲೂ ಬೆರಳ ತುದಿಯಲ್ಲೂ ಅದನ್ನು ಇಮ್ಮಡಿಯಾಗಿಸುತ್ತಾರೆ. ಚೀಟಿಯ ಮೇಲೆ 80 ಪಾಲು ಹತ್ತಿ, 17 ಪಾಲು ನೈಲಾನು, 3 ಪಾಲು ಇಲಾಸ್ಟೇನು ಎಂದೇನಾದರೂ ಬರೆದಿದ್ದರೆ ಅದರ ಅರ್ಥವಿಷ್ಟೆ: ಚರ್ಮಕ್ಕೆ ಹತ್ತಿ, ಬಾಳಿಕೆಗೆ ನೈಲಾನು, ಜಾರದೆ ನಿಲ್ಲಲು ಹಿಗ್ಗುವ ದಾರ. ಇಂಥ ಕಾಲುಚೀಲ ಹಳತಾದಾಗ ಹಿಮ್ಮಡಿಯಲ್ಲಿ ಹತ್ತಿಯೆಲ್ಲ ಉದುರಿ, ಸೊಳ್ಳೆಪರದೆಯಂಥ ತೆಳುವಾದ ಬಲೆಯೊಂದು ಉಳಿಯುತ್ತದೆ. ಅದು ನೈಲಾನಿನ ಅಸ್ಥಿಪಂಜರ. ತೂತುಬಿದ್ದಿಲ್ಲವೆಂದು ಅದನ್ನೇ ತೊಟ್ಟುಕೊಂಡು ದೂರ ನಡೆಯುವುದು ತಪ್ಪು. ಬೆವರು ಹೀರುವ ಭಾಗ ಅಲ್ಲಿ ಏನೂ ಉಳಿದಿಲ್ಲವಾದ್ದರಿಂದ ಗುಳ್ಳೆ ಏಳುವುದು ಅಲ್ಲಿಯೇ.

ತೂತು ಬಿದ್ದ ಜಾಗವೂ ಕಾರಣವನ್ನು ಹೇಳುತ್ತದೆ. ಹೆಬ್ಬೆರಳ ತುದಿಯಲ್ಲಿ ಬಿದ್ದರೆ ಅಪರಾಧಿ ಬಹುಶಃ ಕಾಲುಚೀಲವಲ್ಲ, ಉಗುರು. ಹಿಮ್ಮಡಿಯ ಹಿಂಬದಿಯಲ್ಲಿ ಬಿದ್ದರೆ ಬೂಟು ಸಡಿಲವಾಗಿದೆ, ಇಲ್ಲವೆ ಅದರ ಒಳತೊಗಲು ಹರಿದಿದೆ. ಅಂಗಾಲಿನ ಮುಂಭಾಗದಲ್ಲಿ ಅಲ್ಲಲ್ಲಿ ಚಿಕ್ಕ ಚಿಕ್ಕ ತೂತುಗಳಾದರೆ ಬೂಟಿನೊಳಗೆ ಮರಳು ಸೇರುತ್ತಿದೆ. ಎರಕದ ಕಾರ್ಖಾನೆಯ ಕೆಲಸಗಾರರ ಕಾಲುಚೀಲ ಬೇಗ ಹಾಳಾಗಲು ಈ ಕೊನೆಯ ಕಾರಣವೇ ಸಾಕು. ಅವರಿಗೆ ಇನ್ನೊಂದು ಎಚ್ಚರವೂ ಅಗತ್ಯ. ಕಾದ ಲೋಹದ ಕಿಡಿ ತಾಗಿದರೆ ನೈಲಾನು ಕರಗಿ ಚರ್ಮಕ್ಕೆ ಅಂಟುತ್ತದೆ; ಉಣ್ಣೆ ಕರಗುವುದಿಲ್ಲ, ಸುಲಭವಾಗಿ ಹೊತ್ತಿಕೊಳ್ಳುವುದೂ ಇಲ್ಲ. ಆದ್ದರಿಂದ ಬೆಂಕಿಯ ಬಳಿ ದುಡಿಯುವವನು ಬಾಳಿಕೆಯ ಲೆಕ್ಕವನ್ನು ಬದಿಗಿಡಬೇಕಾಗುತ್ತದೆ.

ಈ ಗುಣಗಳೆಲ್ಲ ಒಂದು ಕಾಲಿಗೆ ಹೇಗೆ ಅನ್ವಯಿಸುತ್ತವೆ ಎಂಬುದಕ್ಕೆ ಉದಾಹರಣೆಯೊಂದನ್ನು ತೆಗೆದುಕೊಳ್ಳಬಹುದು. ಕರ್ನಾಟಕದ ಸರ್ಕಾರಿ ಶಾಲೆಗಳ ಮಕ್ಕಳಿಗೆ ಒಂದು ಜೊತೆ ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ 2015–16ರಲ್ಲಿ ಆರಂಭವಾಯಿತು. ಖಾನಾಪುರದ ಪಶ್ಚಿಮಕ್ಕೆ, ಕಣಕುಂಬಿಯ ಕಡೆಯ ಹಳ್ಳಿಯೊಂದರಿಂದ ಮೂರು ಕಿಲೋಮೀಟರು ನಡೆದು ಶಾಲೆಗೆ ಬರುವ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳಿದ್ದಾಳೆಂದು ಇಟ್ಟುಕೊಳ್ಳೋಣ. ತಿಂಗಳು ಜುಲೈ. ಸಹ್ಯಾದ್ರಿಯ ಆ ಸೆರಗಿನಲ್ಲಿ ಮಳೆ ದಿನಗಟ್ಟಲೆ ಬಿಡುವುದಿಲ್ಲ. ಮಲಪ್ರಭೆ ಹುಟ್ಟುವ ನೆಲ ಅದು. ಬೆಳಿಗ್ಗೆ ಎಂಟಕ್ಕೆ ಬೂಟು ತೊಟ್ಟವಳು ಬಿಚ್ಚುವುದು ಸಂಜೆ ಐದೂವರೆಗೆ. ಶಾಲೆ ಮುಟ್ಟುವಷ್ಟರಲ್ಲಿ ಬೂಟಿಗೆ ನೀರು ನುಗ್ಗಿದೆ. ಉಳಿದ ಇಡೀ ದಿನ ಅವಳ ಪಾದ ಒದ್ದೆ ಹತ್ತಿಯಲ್ಲಿ ನೆನೆಯುತ್ತದೆ. ನೆನೆದ ಚರ್ಮ ಬೆಳ್ಳಗೆ ಸುಕ್ಕುಗಟ್ಟಿ ಬಲಗುಂದುತ್ತದೆ. ಸಂಜೆಯ ಮೂರು ಕಿಲೋಮೀಟರು ಅದರ ಮೇಲೆಯೇ ನಡೆಯಬೇಕು. ಮೊದಲನೆಯ ಮಹಾಯುದ್ಧದಲ್ಲಿ, 1914ರ ಚಳಿಗಾಲದಿಂದ ಮೊದಲ್ಗೊಂಡು, ಫ್ರಾನ್ಸಿನ ಕೆಸರು ಕಂದಕಗಳಲ್ಲಿ ದಿನಗಟ್ಟಲೆ ನಿಂತ ಸಾವಿರಾರು ಸೈನಿಕರ ಪಾದಗಳು ಶೀತ ಮತ್ತು ತೇವಕ್ಕೆ ಕೊಳೆಯತೊಡಗಿದಾಗ, ಸೇನಾಧಿಕಾರಿಗಳು ಹೊರಡಿಸಿದ ಕಟ್ಟಪ್ಪಣೆಗಳಲ್ಲಿ ಮುಖ್ಯವಾದುದು ಒಣಗಿದ ಕಾಲುಚೀಲವನ್ನು ತಪ್ಪದೆ ಬದಲಿಸಬೇಕೆಂಬುದೇ. ಖಾನಾಪುರದಲ್ಲಿ ಆ ಚಳಿಯಿಲ್ಲ, ಆದರೆ ನೀರು ಮಾಡುವ ಕೆಲಸದ ಜಾಡು ಒಂದೇ.

ಈಗ ಅವಳ ಎರಡು ಜೊತೆಗಳ ಲೆಕ್ಕ. ಸೋಮವಾರ ಮೊದಲ ಜೊತೆ, ಮಂಗಳವಾರ ಎರಡನೆಯದು, ಬುಧವಾರ ಮತ್ತೆ ಮೊದಲನೆಯದು. ಸೋಮವಾರ ಸಂಜೆ ಒಗೆದದ್ದಕ್ಕೆ ಒಣಗಲು ಎರಡು ರಾತ್ರಿ ಸಿಕ್ಕುತ್ತದೆ. ಬೆಳಗಾವಿಯ ಬೇಸಿಗೆಯಲ್ಲಿ ಇದು ಧಾರಾಳ. ಕಣಕುಂಬಿಯ ಜುಲೈಯಲ್ಲಿ ಗಾಳಿಯೇ ತೇವದಿಂದ ತುಂಬಿರುವಾಗ ದಪ್ಪ ಹತ್ತಿಗೆ ಮೂರು ರಾತ್ರಿಯಾದರೂ ಬೇಕು. ಬುಧವಾರ ಬೆಳಿಗ್ಗೆ ಕೈಯಿಟ್ಟರೆ ಮೇಲ್ಭಾಗ ಒಣಗಿದಂತಿದ್ದು ಬೆರಳಿನ ಕಡೆ ತಂಪೆನಿಸುತ್ತದೆ. ಆ ತಂಪೇ ಒಳಗೆ ಉಳಿದ ನೀರು. ಅಂದರೆ ಅವಳ ದಿನ ಗುಳ್ಳೆಗೆ ಹದವಾದ ಪಸೆಯಿಂದಲೇ ಆರಂಭವಾಗುತ್ತದೆ.

ಇದಕ್ಕೆ ಖರ್ಚಿಲ್ಲದ ಉಪಾಯವೊಂದಿದೆ. ಒಗೆದು ಹಿಂಡಿದ ಕಾಲುಚೀಲಗಳನ್ನು ಒಣ ಟವೆಲಿನ ಮೇಲೆ ಚಪ್ಪಟೆಯಾಗಿ ಹರಡಿ, ಟವೆಲನ್ನು ಚಾಪೆಯಂತೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಒಂದು ನಿಮಿಷ ಕಾಲಿಟ್ಟು ತುಳಿಯಬೇಕು. ಕೈಯಿಂದ ಎಷ್ಟು ಹಿಂಡಿದರೂ ಬಿಡದ ನೀರು ಟವೆಲಿಗೆ ಹೋಗುತ್ತದೆ. ಒಂದು ರಾತ್ರಿಯ ಒಣಗುವಿಕೆ ಇದರಲ್ಲೇ ಉಳಿಯುತ್ತದೆ. ಆಮೇಲೆ ಬೆರಳ ಕಡೆ ಮೇಲಾಗಿ ತೂಗುಹಾಕದೆ, ಬಾಯಿ ತೆರೆದು ಗಾಳಿಯಾಡುವಂತೆ ತೂಗುಹಾಕಬೇಕು. ಒಲೆಯ ಮೇಲಿನ ದಾರಕ್ಕೆ ಹಾಕುವ ರೂಢಿ ಮಲೆನಾಡಿನ ಮನೆಗಳಲ್ಲಿದೆ. ಹತ್ತಿಗೆ ಅದರಿಂದ ಹೊಗೆಯ ವಾಸನೆಯಷ್ಟೇ ಹತ್ತೀತು. ಬೆರಕೆಯ ಕಾಲುಚೀಲದಲ್ಲಿ ಹಿಗ್ಗುವ ದಾರ ಶಾಖಕ್ಕೆ ಸತ್ತು, ಬಾಯಿ ಸಡಿಲವಾಗಿ, ಕಾಲುಚೀಲ ಬೂಟಿನೊಳಕ್ಕೆ ಜಾರಿ ನೆರಿಗೆ ಕಟ್ಟುತ್ತದೆ. ಬೂಟಿನೊಳಗೆ ಹಳೆಯ ವೃತ್ತಪತ್ರಿಕೆಯನ್ನು ಉಂಡೆ ಮಾಡಿ ತುರುಕಿ, ಮಲಗುವ ಮುನ್ನ ಒಮ್ಮೆ ಬದಲಿಸಿದರೆ ಬೆಳಗಿನ ಹೊತ್ತಿಗೆ ಅದೂ ಬಹುಮಟ್ಟಿಗೆ ಒಣಗುತ್ತದೆ. ಒಣ ಕಾಲುಚೀಲವನ್ನು ಒದ್ದೆ ಬೂಟಿಗೆ ಹಾಕುವುದು ವ್ಯರ್ಥ.

ಇದಕ್ಕಿಂತಲೂ ಮಿಗಿಲಾದ ದಾರಿ ದಾರಿಯನ್ನೇ ಬೂಟಿಲ್ಲದೆ ನಡೆಯುವುದು. ಚಪ್ಪಲಿಯಲ್ಲಿ ನಡೆದುಬಂದು, ಶಾಲೆಯ ಜಗುಲಿಯಲ್ಲಿ ಕಾಲೊರೆಸಿ, ಚೀಲದಲ್ಲಿ ಒಣದಾಗಿ ತಂದ ಬೂಟು ಕಾಲುಚೀಲಗಳನ್ನು ತೊಟ್ಟರೆ ಮಳೆಯ ನೀರು ಲೆಕ್ಕದಿಂದ ಹೋಯಿತು. ಉಳಿದದ್ದು ಬೆವರು ಮಾತ್ರ. ಆಗ ಎರಡು ಜೊತೆ ಸಾಕಾಗುತ್ತದೆ. ಶಾಲೆಯ ಶಿಸ್ತಿಗೆ ಇದರಿಂದ ಕುಂದು ಬರುತ್ತದೆ ಎನ್ನುವವರು ನೆನೆದ ಪಾದವೊಂದನ್ನು ಒಮ್ಮೆ ನೋಡಬೇಕು. ಮೂರನೆಯ ಜೊತೆಯೊಂದನ್ನು ಕೊಳ್ಳಲು ಶಕ್ತಿಯಿದ್ದರೆ, ಖಾನಾಪುರದ ಆ ಹುಡುಗಿ ನೈಲಾನಿನ ಪಾಲು ಹೆಚ್ಚಿರುವುದನ್ನೇ ಕೊಳ್ಳುವುದು ವಿವೇಕ. ಅದು ಒಂದೇ ರಾತ್ರಿಯಲ್ಲಿ ಒಣಗುತ್ತದೆ. ಬೆಳಗಾವಿಯಲ್ಲಿ ಬಸ್ಸಿಳಿದು ಒಣಕಾಲಿನಲ್ಲಿ ತರಗತಿಗೆ ನಡೆಯುವ ಹುಡುಗನಿಗೆ ಹತ್ತಿ ಹೆಚ್ಚಿರುವ ಬೆರಕೆಯೇ ಹಿತ; ಅವನ ಶತ್ರು ಬೆವರು, ಮಳೆಯಲ್ಲ. ದಿನಕ್ಕೆ 20, 30 ಕಿಲೋಮೀಟರು ನಡೆಯಬೇಕಾದವರಿಗೆ ನೈಲಾನು ಬೆರೆತ ನಯವಾದ ಉಣ್ಣೆ ಕೊಟ್ಟ ಬೆಲೆಗೆ ಸಾರ್ಥಕ. ಬೆಂಚಿನ ಮೇಲೆ ಕುಳಿತು ಪಾಠ ಕೇಳುವವರಿಗೆ ಅದು ದುಂದುವೆಚ್ಚ.

ಗುಳ್ಳೆ ಏಳುವ ಮುನ್ನ ಆ ಜಾಗ ಬಿಸಿಯಾಗಿ ಉರಿಯುತ್ತದೆ. ಆಗಲೇ ನಿಂತು, ಬೂಟು ಬಿಚ್ಚಿ, ಕಾಲುಚೀಲದ ನೆರಿಗೆ ಬಿಡಿಸಿ, ಉರಿಯುವ ಜಾಗಕ್ಕೆ ಅಂಟುಪಟ್ಟಿ ಹಾಕಿದರೆ ಬಹಳ ಸಲ ಅಲ್ಲಿಗೇ ನಿಲ್ಲುತ್ತದೆ. ಎದ್ದುಬಿಟ್ಟ ಚಿಕ್ಕ ಗುಳ್ಳೆಯನ್ನು ಒಡೆಯಬಾರದು. ಅದರ ಮೇಲಿನ ಚರ್ಮಕ್ಕಿಂತ ಒಳ್ಳೆಯ ಪಟ್ಟಿ ಔಷಧದಂಗಡಿಯಲ್ಲಿ ಸಿಗದು. ಸಿಹಿಮೂತ್ರ ರೋಗವಿರುವವರ ಕಾಲಿನಲ್ಲಿ ಎಷ್ಟು ಚಿಕ್ಕ ಗುಳ್ಳೆ ಎದ್ದರೂ, ಸುತ್ತ ಕೆಂಪಾಗಿ ಕೀವು ತುಂಬಿದರೂ ವೈದ್ಯರಿಗೆ ತೋರಿಸಬೇಕು.

ಇನ್ನು ತೂತುಬಿದ್ದ ಕಾಲುಚೀಲವನ್ನು ಎಸೆಯುವ ಮೊದಲು ಸೂಜಿ ದಾರ ಹಿಡಿಯುವುದು ಹಿಂದಿನ ಮನೆಗಳ ಪದ್ಧತಿ. ಕೆಟ್ಟುಹೋದ ಗಾಜಿನ ಬಲ್ಬೊಂದನ್ನೋ ನುಣುಪಾದ ಲೋಟವನ್ನೋ ಕಾಲುಚೀಲದೊಳಗಿಟ್ಟು, ತೂತಿನ ಅಂಚಿನಿಂದ ಅರ್ಧ ಅಂಗುಲ ಆಚೆಯ ಗಟ್ಟಿ ಬಟ್ಟೆಯಿಂದ ಆರಂಭಿಸಿ, ಮೊದಲು ಉದ್ದಕ್ಕೆ ದಾರಗಳನ್ನು ಒತ್ತೊತ್ತಾಗಿ ಎಳೆದು, ಆಮೇಲೆ ಅಡ್ಡಲಾಗಿ ಒಂದು ದಾರದ ಮೇಲೆ ಇನ್ನೊಂದರ ಕೆಳಗೆ ಹಾಯಿಸಿ ಚಾಪೆಯಂತೆ ನೇಯುತ್ತಾರೆ. ತೂತಿನ ಅಂಚುಗಳನ್ನು ಒಟ್ಟಿಗೆ ಎಳೆದು ಹೊಲಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಅಲ್ಲೊಂದು ಗಂಟುಗೆರೆ ಉಳಿಯುತ್ತದೆ. ಈ ನೇಯ್ಗೆಯಲ್ಲಿ ದಾರಕ್ಕೆ ಎಲ್ಲಿಯೂ ಗಂಟು ಹಾಕುವುದಿಲ್ಲ. ತುದಿಯನ್ನು ಬಟ್ಟೆಯೊಳಗೇ ಹಾಯಿಸಿ ಬಿಡುತ್ತಾರೆ. ಸಾಸಿವೆ ಗಾತ್ರದ ಗಂಟೊಂದು ಹಿಮ್ಮಡಿಯ ಕೆಳಗೆ ಸಿಕ್ಕಿದರೆ ದೇಸೂರು ದಾಟುವ ಮೊದಲೇ ಅದು ತನ್ನ ಇರವನ್ನು ತಿಳಿಸುತ್ತದೆ.